ಬಾಟ್ಲಿ ಮುಟ್ಟಿ ನೋಡಿದರೆ ಹಾಲಿನ ಬಿಸಿ ಗೊತ್ತಾಗುವುದಿಲ್ಲ

ಹೋದ ತಿಂಗಳು ಒಬ್ಬರು ಅಜ್ಜಿ 7 ತಿಂಗಳ ಮೊಮ್ಮಗನನ್ನು ಎತ್ತಿಕೊಂಡು ಕ್ಲಿನಿಕ್‌ಗೆ ಬಂದರು. ಬೆಳಗ್ಗೆಯಿಂದ ಮಗು ಹಾಲು ಮುಟ್ಟಿಲ್ಲ, ನಿಪ್ಪಲ್ ಬಾಯಿಗೆ ತಂದರೆ ಸಾಕು ಮುಖ ತಿರುಗಿಸಿ ಕಿರುಚುತ್ತದೆ ಅಂದರು. ಜ್ವರ ಇರಲಿಲ್ಲ. ಟಾರ್ಚ್ ಹಾಕಿ ಬಾಯಿ ನೋಡಿದೆ. ಅಂಗುಳಿನ ನಡುವೆ ಎಂಟಾಣೆ ಅಗಲದ ಒಂದೇ ಒಂದು ಬಿಳಿ ಮಚ್ಚೆ, ಅದರ ಸುತ್ತ ಕೆಂಪು ಅಂಚು. ಅಜ್ಜಿ ಅದನ್ನು ಬಾಯಿಹುಣ್ಣು ಅಂದುಕೊಂಡಿದ್ದರು. ಫಂಗಸ್‌ನಿಂದ ಬರುವ ಬಿಳುಪು ಸಾಮಾನ್ಯವಾಗಿ ನಾಲಿಗೆ, ಕೆನ್ನೆಯ ಒಳಗೆಲ್ಲ ಮೊಸರಿನ ಚೂರುಗಳ ಹಾಗೆ ಹರಡಿರುತ್ತದೆ. ಇದು ಹಾಗಿರಲಿಲ್ಲ, ಹಾಲು ಬಂದು ಬೀಳುವ ಜಾಗದಲ್ಲಿ ಮಾತ್ರ ಇತ್ತು.

"ಹಾಲು ಹೇಗೆ ಬಿಸಿ ಮಾಡಿದ್ರಿ ಅಮ್ಮಾ?" ಅಂತ ಕೇಳಿದೆ.

"ಮೈಕ್ರೊವೇವ್‌ನಲ್ಲಿ ಇಟ್ಟೆ ಡಾಕ್ಟ್ರೇ, ಒಂದೇ ನಿಮಿಷ. ಬಾಟ್ಲಿ ಮುಟ್ಟಿ ನೋಡಿದೆ, ಬೆಚ್ಚಗೇ ಇತ್ತು, ಸುಡ್ತಿರಲಿಲ್ಲ."

ಈ ಮಾತನ್ನು ನಾನು ವರ್ಷಕ್ಕೆ ಎಷ್ಟು ಸಲ ಕೇಳುತ್ತೇನೋ ಲೆಕ್ಕವಿಲ್ಲ. ಪ್ರತಿ ಸಲ ಹೊಟ್ಟೆ ಉರಿಯುತ್ತದೆ. ಅಜ್ಜಿಯ ಮೇಲೆ ಕೋಪ ಅಂತಲ್ಲ. ಮಗಳು ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಮಗು ನೋಡಿಕೊಳ್ಳುವವರು ಅವರೇ, ಪಾಪ. ಅವರು ಪರೀಕ್ಷೆ ಮಾಡದೆ ಕುಡಿಸಿದವರೂ ಅಲ್ಲ. ಆದರೆ ಅವರು ಪರೀಕ್ಷೆ ಮಾಡಿದ್ದು ಬಾಟಲಿಯನ್ನು, ಹಾಲನ್ನಲ್ಲ.

ಒಲೆ ಮೇಲೆ ಪಾತ್ರೆ ಇಟ್ಟಾಗ ಮೊದಲು ಪಾತ್ರೆ ಕಾಯುತ್ತದೆ, ಆಮೇಲೆ ಒಳಗಿನ ಹಾಲು. ಹಾಗಾಗಿ ಪಾತ್ರೆ ಮುಟ್ಟಿ ಹಾಲಿನ ಬಿಸಿ ಅಂದಾಜು ಮಾಡುವುದು ನಮಗೆಲ್ಲ ರೂಢಿ. ಮೈಕ್ರೊವೇವ್‌ನಲ್ಲಿ ಇದು ಉಲ್ಟಾ. ಅಲ್ಲಿ ನೇರವಾಗಿ ಹಾಲೇ ಕಾಯುತ್ತದೆ, ಪ್ಲಾಸ್ಟಿಕ್ ಬಾಟಲಿ ಹೆಚ್ಚು ಬಿಸಿಯಾಗುವುದಿಲ್ಲ. ಹಾಲು ಕೂಡ ಎಲ್ಲ ಕಡೆ ಒಂದೇ ಸಮ ಕಾಯುವುದಿಲ್ಲ. ಒಂದು ಕಡೆ ಉಗುರುಬೆಚ್ಚಗೆ, ಇನ್ನೊಂದು ಕಡೆ ಸುಡುವಷ್ಟು ಬಿಸಿ ಇರುತ್ತದೆ. ಮೊದಲ ನಾಲ್ಕು ಗುಟುಕು ಸರಿಯಾಗಿದ್ದು ಐದನೆಯದು ಅಂಗುಳು ಸುಡಬಹುದು. ಮಗುವಿನ ಹಾಲಿಗೆ ಮೈಕ್ರೊವೇವ್ ಬೇಡವೇ ಬೇಡ. ಕಡಿಮೆ ಪವರ್‌ನಲ್ಲಿ ಇಡಲಾ, 20 ಸೆಕೆಂಡ್ ಇಡಲಾ ಅಂತ ಕೇಳಬೇಡಿ, ಬೇಡ.

ಇನ್ನು ಬೆರಳು. "ಉಗುರುಬೆಚ್ಚಗೆ" ಅನ್ನುವ ಮಾತಲ್ಲೇ ಉಗುರು ಇದೆ, ಅದಕ್ಕೋ ಏನೋ ಎಲ್ಲರೂ ಸೀದಾ ಹಾಲಿಗೆ ಬೆರಳು ಅದ್ದುತ್ತಾರೆ. ಮೂವತ್ತು ನಲವತ್ತು ವರ್ಷ ಕಾವಲಿ ಮೇಲಿನ ರೊಟ್ಟಿ ತಿರುವಿದ, ಇಕ್ಕಳ ಸಿಗದಿದ್ದರೆ ಬರಿಗೈಯಲ್ಲೇ ಪಾತ್ರೆ ಇಳಿಸಿದ ಬೆರಳು ಅದು. ಅದಕ್ಕೆ ಬಿಸಿ ಅನ್ನಿಸುವ ಹೊತ್ತಿಗೆ ಮಗುವಿನ ಬಾಯಿ ಸುಟ್ಟಿರುತ್ತದೆ. ಬೆರಳಿನ ಕೊಳೆ ಹಾಲಿಗೆ ಹೋಗುವುದು ಬೇರೆ.

ನೋಡಬೇಕಾದ ಜಾಗ ಮಣಿಕಟ್ಟಿನ ಒಳಭಾಗ, ಕೈ ನಾಡಿ ಹಿಡಿದು ನೋಡುವ ಕಡೆ. ಅಲ್ಲಿ ಚರ್ಮ ತೆಳು. ಮೊದಲು ಬಾಟಲಿ ಮುಚ್ಚಿ, ನಿಧಾನಕ್ಕೆ ಸುತ್ತು ತಿರುಗಿಸಿ, ಅಡಿ-ಮೇಲಿನ ಹಾಲು ಬೆರೆಯಲಿ. ತಾಯಿ ಹಾಲಾದರೆ ಫ್ರಿಜ್ಜಿನಲ್ಲಿ ಮೇಲೆ ಬಂದು ನಿಂತ ಜಿಡ್ಡೂ ಇದರಲ್ಲೇ ಬೆರೆಯುತ್ತದೆ. ಆಮೇಲೆ ನಾಲ್ಕೈದು ಹನಿ ಮಣಿಕಟ್ಟಿನ ಮೇಲೆ ಬಿಡಿ. ಒಂದು ಹನಿ ಸಾಲದು, ಒಂಟಿ ಹನಿ ಬಿದ್ದ ಕೂಡಲೇ ಆರಿಬಿಡುತ್ತದೆ, ಹಾಲು ಸರಿ ಇದೆ ಅಂತ ನಮ್ಮನ್ನು ನಂಬಿಸುತ್ತದೆ. ಹನಿ ಬಿದ್ದಾಗ ಹೇಗನ್ನಿಸಿತು ಅನ್ನುವುದೇ ಲೆಕ್ಕ, ಸ್ವಲ್ಪ ಹೊತ್ತು ಬಿಟ್ಟು ಅಲ್ಲ. ತಾಯಿಯ ಮೈ ಬಿಸಿ 37 ಡಿಗ್ರಿ. ನಮ್ಮ ಮಣಿಕಟ್ಟಿನ ಚರ್ಮ ಅದಕ್ಕಿಂತ ಕೆಲವು ಡಿಗ್ರಿ ತಣ್ಣಗಿರುತ್ತದೆ. ಹಾಗಾಗಿ ಹದವಾದ ಹಾಲು ಬಿದ್ದರೆ ಒಂಚೂರು ಬೆಚ್ಚಗೆ ಅನ್ನಿಸುತ್ತದೆ, ಇಲ್ಲವೇ ಏನೂ ಅನ್ನಿಸುವುದಿಲ್ಲ. "ಬಿಸಿ" ಅನ್ನುವ ಮಾತು ಮನಸ್ಸಿಗೆ ಬಂದರೆ ಕೊಡಬೇಡಿ. ಹಾಲು 40 ಡಿಗ್ರಿ ದಾಟಬಾರದು.

ಒಂದು ಎಚ್ಚರ: ಆಗಷ್ಟೇ ಬಿಸಿನೀರಿನಲ್ಲಿ ಪಾತ್ರೆ ತೊಳೆದ ಕೈಗೆ ಬಿಸಿ ಹಾಲೂ ಬೆಚ್ಚಗೆ ಅನ್ನಿಸುತ್ತದೆ. ಕೈ ಒರೆಸಿಕೊಂಡು ಒಂದೆರಡು ನಿಮಿಷ ಬಿಟ್ಟು ನೋಡಿ.

ಹಾಗಾದರೆ ಹಾಲು ಬೆಚ್ಚಗೆ ಮಾಡುವುದು ಹೇಗೆ? ಅಜ್ಜಿಗೆ ಅಲ್ಲೇ ಒಂದು ಲೆಕ್ಕ ಹೇಳಿಕೊಟ್ಟೆ. ಫ್ರಿಜ್ಜಿನಿಂದ ತೆಗೆದ ಹಾಲು 100 ಮಿಲಿ ಅಂತಿಟ್ಟುಕೊಳ್ಳಿ, ಸುಮಾರು 5 ಡಿಗ್ರಿ ಇರುತ್ತದೆ. ಒಂದು ಬಟ್ಟಲಿಗೆ 100 ಮಿಲಿಯ ಒಂದು ಲೋಟ ಕುದಿಯುವ ನೀರು, ಅದೇ ಲೋಟದಲ್ಲಿ ಮೂರು ಲೋಟ ನಲ್ಲಿ ನೀರು ಹಾಕಿ. ನಲ್ಲಿ ನೀರು 25 ಡಿಗ್ರಿ ಇದ್ದರೆ ಬಟ್ಟಲಿನ ನೀರು ಸುಮಾರು 44 ಡಿಗ್ರಿ ಆಗುತ್ತದೆ. ಬಾಟಲಿಯನ್ನು ಅದರಲ್ಲಿ ನಿಲ್ಲಿಸಿ, ನೀರು ಮುಚ್ಚಳಕ್ಕೆ ತಾಗದಿರಲಿ. ಹಾಲು, ನೀರು ಎರಡರ ಬಿಸಿ ಸರಿಸಮ ಆಗುವ ಹೊತ್ತಿಗೆ ಹಾಲು 35-36ರ ಹತ್ತಿರ ಬಂದು ನಿಲ್ಲುತ್ತದೆ. ಬಟ್ಟಲು, ಬಾಟಲಿ ಸ್ವಲ್ಪ ಬಿಸಿ ಕುಡಿಯುತ್ತವೆ, ಹಾಗಾಗಿ ಇನ್ನೂ ಒಂದೆರಡು ಡಿಗ್ರಿ ಕಡಿಮೆಯೇ ಆಗಬಹುದು. ಏನೂ ತೊಂದರೆ ಇಲ್ಲ. ಹತ್ತು ನಿಮಿಷದ ಆಸುಪಾಸು ಹಿಡಿಯುತ್ತದೆ, ನಡುವೆ ಎರಡು ಮೂರು ಸಲ ಬಾಟಲಿ ತಿರುಗಿಸುತ್ತಿರಿ.

ಈ ವಿಧಾನದಲ್ಲಿ ನನಗೆ ಇಷ್ಟವಾಗುವುದು ಏನೆಂದರೆ, ಹಾಲು ಯಾವತ್ತೂ ಸುತ್ತಲಿನ ನೀರಿಗಿಂತ ಬಿಸಿ ಆಗಲಾರದು. ನೀರು ಹದವಾಗಿದ್ದರೆ ಫೋನ್ ಬಂತು ಅಂತ ನೀವು ಐದು ನಿಮಿಷ ಮರೆತರೂ ಹಾಲು ಸುಡುವುದಿಲ್ಲ. ಅದೇ ಬಾಟಲಿಯನ್ನು ಮೂರು ಲೋಟ ಕುದಿಯುವ ನೀರಿನಲ್ಲಿ ಇಟ್ಟು ಮರೆತರೆ ಹಾಲು 70 ಡಿಗ್ರಿಯವರೆಗೂ ಹೋಗಬಹುದು, ಅದು ನಾವು ಊದಿ ಊದಿ ಕುಡಿಯುವ ಕಾಫಿಯ ಬಿಸಿ. ತಾಯಿ ಹಾಲಿನಲ್ಲಿ ಸೋಂಕಿನ ವಿರುದ್ಧ ಕೆಲಸ ಮಾಡುವ ಕೆಲವು ಅಂಶಗಳೂ ಅಷ್ಟು ಬಿಸಿಗೆ ಹಾಳಾಗುತ್ತವೆ. ಹಾಗಾಗಿ ತಾಯಿ ಹಾಲನ್ನು ಒಲೆ ಮೇಲೆ ಕಾಯಿಸಬಾರದು, ಕುದಿಸಲೂ ಬಾರದು.

ಇಷ್ಟೆಲ್ಲ ಕೇಳಿ ಅಜ್ಜಿ, "ತಣ್ಣಗೆ ಕೊಟ್ರೆ ಶೀತ ಆಗಲ್ವಾ ಡಾಕ್ಟ್ರೇ?" ಅಂದರು. ಎಲ್ಲರ ಬಿಸಿ ಹಾಲಿನ ಹಿಂದಿರುವ ಭಯ ಇದೇ. ಶೀತ ಬರುವುದು ವೈರಸ್‌ನಿಂದ, ಹಾಲಿನ ತಂಪಿನಿಂದಲ್ಲ. ಹೊರಗಿನ ಗಾಳಿಯಷ್ಟೇ ಬಿಸಿ ಇರುವ ಹಾಲನ್ನು ಆರೋಗ್ಯವಾಗಿರುವ, ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಧಾರಾಳವಾಗಿ ಕೊಡಬಹುದು. ಕೆಲವು ಮಕ್ಕಳು ಬೆಚ್ಚಗಿದ್ದರೆ ಚೆನ್ನಾಗಿ ಕುಡಿಯುತ್ತವೆ ಅನ್ನುವುದು ನಿಜ, ಅಷ್ಟಕ್ಕಾಗಿ ಬೆಚ್ಚಗೆ ಮಾಡುವುದು. ತಿಂಗಳು ತುಂಬುವ ಮುಂಚೆ ಹುಟ್ಟಿದ, ತೂಕ ಕಡಿಮೆ ಇರುವ ಮಕ್ಕಳ ವಿಷಯ ಬೇರೆ, ಅಲ್ಲಿ ನಿಮ್ಮ ಮಗುವನ್ನು ನೋಡುವ ಡಾಕ್ಟರ್ ಹೇಳಿದ ಹಾಗೆ ಮಾಡಿ.

ಪುಡಿ ಹಾಲು ಕೊಡುವವರು ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಹಾಲು 40 ಡಿಗ್ರಿ ದಾಟಬಾರದು ಅಂದೆ ಅಂತ ಪುಡಿಯನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ಕಲಸುತ್ತಾರೆ. ಪುಡಿ ಅನ್ನುವುದು ಕ್ರಿಮಿ ಇಲ್ಲದ ವಸ್ತು ಅಲ್ಲ, ಡಬ್ಬಿಯೊಳಗೇ ಕೆಲವು ಬ್ಯಾಕ್ಟೀರಿಯಾ ಇರಬಹುದು. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2007ರ ಮಾರ್ಗಸೂಚಿಯಲ್ಲಿ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು ಅಂತ ಹೇಳಿದೆ. ಅಂದರೆ ನೀರು ಕುದಿಸಿ, ಅರ್ಧ ಗಂಟೆ ಮೀರದಂತೆ ಆರಲು ಬಿಟ್ಟು, ಅದರಲ್ಲಿ ಪುಡಿ ಕಲಸಿ, ಆಮೇಲೆ ಮುಚ್ಚಿದ ಬಾಟಲಿಯನ್ನು ನಲ್ಲಿ ನೀರಿನ ಕೆಳಗೆ ಹಿಡಿದು ಆರಿಸಬೇಕು. ಕಲಸುವಾಗಿನ ಬಿಸಿ ಬೇರೆ, ಕುಡಿಸುವಾಗಿನ ಬಿಸಿ ಬೇರೆ. ಹೀಗೆ ಆರಿಸುವಾಗ ಬಾಟಲಿಯ ಹೊರಮೈ ಬೇಗ ತಣ್ಣಗಾಗಿ ನಡುವಿನ ಹಾಲು ಬಿಸಿಯಾಗಿಯೇ ಇರುತ್ತದೆ. ಮತ್ತೆ ಅದೇ ಕಥೆ: ಬಾಟಲಿ ಒರೆಸಿ, ತಿರುಗಿಸಿ, ಮಣಿಕಟ್ಟಿನ ಮೇಲೆ ಹಾಕಿ ನೋಡಿ.

ಒಳಲೆಯಲ್ಲಿ ಕುಡಿಸುವವರನ್ನು ಕಂಡರೆ ನನಗೆ ಖುಷಿ, ಬಾಟಲಿಗಿಂತ ಅದನ್ನು ತೊಳೆಯುವುದು ಸುಲಭ. ಆದರೆ ಅಲ್ಲೂ ಒಂದು ಕಡೆ ತಪ್ಪುತ್ತದೆ. ಬೆಳ್ಳಿ, ಸ್ಟೀಲ್ ಎರಡೂ ಬೇಗ ಕಾಯುತ್ತವೆ. ಕುದಿಯುವ ನೀರಿನಿಂದ ಆಗಷ್ಟೇ ತೆಗೆದ ಒಳಲೆಗೆ ಹದವಾದ ಹಾಲು ಹಾಕಿದರೂ ಅದರ ಮೂತಿ ಬಿಸಿಯಾಗಿರುತ್ತದೆ, ಅದೇ ಮೂತಿ ಮಗುವಿನ ತುಟಿಗೆ ತಾಗುತ್ತದೆ. ಒಳಲೆ ಆರಲಿ, ಹಾಲಿನ ಹನಿಯನ್ನು ಒಳಲೆಯ ಮೂತಿಯಿಂದಲೇ ಮಣಿಕಟ್ಟಿಗೆ ಬಿಟ್ಟು ನೋಡಿ, ಮೂತಿಯನ್ನೂ ಅಲ್ಲಿಗೆ ಒಮ್ಮೆ ತಾಗಿಸಿ.

ಮಗು ಬಿಸಿ ಹಾಲು ಕುಡಿದುಬಿಟ್ಟಿತು ಅನ್ನಿಸಿದರೆ ಕೂಡಲೇ ನಿಲ್ಲಿಸಿ. ತುಪ್ಪ, ಜೇನುತುಪ್ಪ ಏನೂ ಹಚ್ಚಬೇಡಿ, ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಎಂದೂ ಕೊಡಬಾರದು. ಬಾಯಿ ಸುಟ್ಟಿದ್ದು ಹೊರಗೆ ಕಾಣುವುದಿಲ್ಲ, ಗಂಟಲಿನ ಊತ ಕೆಲವು ಗಂಟೆ ಬಿಟ್ಟು ಬರಬಹುದು, ಹಾಗಾಗಿ ಡಾಕ್ಟರಿಗೆ ತೋರಿಸಿ. ಜೊಲ್ಲು ಜಾಸ್ತಿ ಸುರಿಯುತ್ತಿದ್ದರೆ, ಅಳುವ ದನಿ ಒಡೆದಂತಿದ್ದರೆ, ಉಸಿರು ಎಳೆದುಕೊಳ್ಳುವಾಗ ಸದ್ದು ಬಂದರೆ ಬಾಯಿಗೆ ಏನೂ ಹಾಕದೆ ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ, ಬೆಳಗಾಗಲಿ ಅಂತ ಕಾಯಬೇಡಿ.

ನಮ್ಮ ಅಜ್ಜಿಯ ಮೊಮ್ಮಗನಿಗೆ ಅಷ್ಟೆಲ್ಲ ಆಗಿರಲಿಲ್ಲ. ಉಸಿರಾಟ ಸರಿ ಇತ್ತು. ಕ್ಲಿನಿಕ್ಕಿನಲ್ಲೇ ಕೂರಿಸಿ ತಂಪಾದ ತಾಯಿ ಹಾಲನ್ನು ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಡಿಸಿದೆ, ನುಂಗಿತು. ವಾರದ ಮೇಲೆ ಬಂದಾಗ ಮಚ್ಚೆ ಮಾಯ್ದಿತ್ತು. ಅಜ್ಜಿ ಚೀಲದಿಂದ ಒಂದು ಪುಟ್ಟ ಸ್ಟೀಲ್ ಲೋಟ ತೆಗೆದು ತೋರಿಸಿದರು. "ಇದೊಂದನ್ನ ಬೇರೆ ಇಟ್ಟಿದ್ದೀನಿ ಡಾಕ್ಟ್ರೇ, ಒಂದು ಬಿಸಿ, ಮೂರು ತಣ್ಣೀರು. ಇನ್ಯಾವುದಕ್ಕೂ ಇದನ್ನ ಮುಟ್ಟಬಾರದು ಅಂತ ಮನೇಲಿ ಎಲ್ಲರಿಗೂ ಹೇಳಿದ್ದೀನಿ."