ರಸಗುಲ್ಲಾ ಗಟ್ಟಿಯಾದರೆ ಪಾಕವನ್ನು ಬೈಯಬೇಡಿ

ನನ್ನ ಸಿಹಿ ತಿಂಡಿ ತರಗತಿಗೆ ಬರುವ ಒಬ್ಬರು ಕಳೆದ ತಿಂಗಳು ಸ್ಟೀಲ್ ಡಬ್ಬಿ ತಂದು ಮೇಜಿನ ಮೇಲಿಟ್ಟರು. ಒಳಗೆ ಹದಿನಾಲ್ಕು ರಸಗುಲ್ಲಾ. ನೋಡಲು ಬೆಳ್ಳಗೆ, ದುಂಡಗೆ ಚೆನ್ನಾಗೇ ಇದ್ದವು. ಒಂದನ್ನು ಚಮಚದಿಂದ ಒತ್ತಿದೆ. ಅದು ಚಮಚವನ್ನೇ ವಾಪಸ್ ತಳ್ಳಿತು.

"ಸರ್, ಪಾಕದಲ್ಲೇ ಏನೋ ತಪ್ಪಾಗಿದೆ ಅಲ್ವಾ? ಸಕ್ಕರೆ ಜಾಸ್ತಿ ಆಯ್ತಾ?"

"ಪಾಕ ಇರಲಿ. ಒಂದು ಲೀಟರ್ ಹಾಲಿಗೆ ಛೇನಾ ಎಷ್ಟು ಗ್ರಾಂ ಬಂತು?"

ಅವರು ತೂಕ ಮಾಡಿರಲಿಲ್ಲ. ಯಾರೂ ಮಾಡುವುದಿಲ್ಲ. ಆದರೆ ರಸಗುಲ್ಲಾ ಅರಳುತ್ತದೋ ಇಲ್ಲವೋ ಅನ್ನುವುದು ಹೆಚ್ಚಿನ ಸಲ ಒಲೆ ಹಚ್ಚುವ ಮೊದಲೇ, ಒಡೆದ ಹಾಲಿನ ಗಟ್ಟಿ ಭಾಗವಾದ ಛೇನಾ ಬಟ್ಟೆಯಲ್ಲಿ ನೇತಾಡುತ್ತಿರುವಾಗಲೇ ತೀರ್ಮಾನ ಆಗಿರುತ್ತದೆ.

ಇಡ್ಲಿ ಉಬ್ಬುವುದು ಹುದುಗಿನಿಂದ. ರಸಗುಲ್ಲಾದಲ್ಲಿ ಹುದುಗೂ ಇಲ್ಲ, ಸೋಡಾವೂ ಬೇಕಿಲ್ಲ. ಅದನ್ನು ಉಬ್ಬಿಸುವುದು ಛೇನಾದ ಒಳಗೇ ಉಳಿದ ನೀರು. ಕುದಿಯುವ ಪಾಕಕ್ಕೆ ಉಂಡೆ ಬಿದ್ದಾಗ ಆ ನೀರು ಆವಿಯಾಗಿ ಹೊರಗೆ ಬರಲು ನೋಡುತ್ತದೆ. ನಾದಿ ನುಣುಪಾದ ಛೇನಾ ಸ್ವಲ್ಪ ಹಿಗ್ಗಿ ಅದನ್ನು ಹಿಡಿದುಕೊಳ್ಳುತ್ತದೆ. ಒಳಗೆಲ್ಲ ಸಣ್ಣ ಸಣ್ಣ ತೂತು ಬಿದ್ದು, ಅದೇ ಆಕಾರದಲ್ಲಿ ಬೆಂದು ನಿಲ್ಲುತ್ತದೆ. ನೀರು ಕಡಿಮೆಯಾದರೆ ಆವಿಯೂ ಕಡಿಮೆ, ತೂತೂ ಕಡಿಮೆ. ತೂತಿಲ್ಲದ ಮೇಲೆ ಪಾಕ ಹೋಗಿ ಕೂರುವುದಾದರೂ ಎಲ್ಲಿ?

ಅವರನ್ನು ಕೇಳುತ್ತಾ ಹೋದಂತೆ ವಿಷಯ ಹೊರಬಂತು. ರಾತ್ರಿ ಹಾಲು ಒಡೆಸಿ, ಬಟ್ಟೆಯಲ್ಲಿ ಕಟ್ಟಿ, ಮೇಲೆ ಗುಂಡುಕಲ್ಲು ಹೇರಿ ಬೆಳಗ್ಗೆವರೆಗೆ ಬಿಟ್ಟಿದ್ದರು. ಅದು ಪನೀರ್ ಮಾಡುವ ದಾರಿ. ಪನೀರನ್ನು ಚಾಕುವಿನಲ್ಲಿ ಕತ್ತರಿಸಬೇಕು, ಎಣ್ಣೆಯಲ್ಲಿ ಹುರಿಯಬೇಕು, ಹಾಗಾಗಿ ಭಾರ ಹೇರಿ ನೀರು ತೆಗೆಯುತ್ತೇವೆ. ಛೇನಾದ ಮೇಲೆ ಭಾರ ಇಡುವ ಮಾತೇ ಇಲ್ಲ.

ಅದೇ ದಿನ ಅವರ ಎದುರಿಗೇ ಎರಡು ಲೀಟರ್ ಹಸುವಿನ ಹಾಲು ತಗೊಂಡು, ಒಂದೊಂದು ಲೀಟರನ್ನು ಬೇರೆ ಬೇರೆ ಒಡೆಸಿದೆ. ಒಂದನ್ನು ಅವರ ಹಾಗೆ ಕಲ್ಲಿನ ಕೆಳಗೆ ಇಟ್ಟೆ. ಇನ್ನೊಂದನ್ನು ಸುಮ್ನೆ ನಲ್ಲಿಗೆ ಗಂಟು ಹಾಕಿ ಮುಕ್ಕಾಲು ಗಂಟೆ ತೂಗುಬಿಟ್ಟೆ. ಆಮೇಲೆ ತೂಗಿದೆವು. ಕಲ್ಲಿನ ಕೆಳಗಿನದು 130 ಗ್ರಾಂ, ತೂಗುಬಿಟ್ಟಿದ್ದು 180 ಗ್ರಾಂ. ಹಾಲು ಒಂದೇ, ಅದರಲ್ಲಿರುವ ಪ್ರೋಟೀನೂ ಕೊಬ್ಬೂ ಒಂದೇ. ವ್ಯತ್ಯಾಸದ ಐವತ್ತು ಗ್ರಾಂ ಹೆಚ್ಚುಕಮ್ಮಿ ಬರೀ ನೀರು. ಒಳ್ಳೆ ರಸಗುಲ್ಲಾ ಛೇನಾದಲ್ಲಿ ನೂರಕ್ಕೆ 55ರಿಂದ 60 ಪಾಲು ನೀರೇ ಇರುತ್ತದೆ. ಲೀಟರಿಗೆ 170ರಿಂದ 190 ಗ್ರಾಂ ಒಳಗೆ ಬಂದರೆ ನಿಶ್ಚಿಂತೆ. 3 ಪರ್ಸೆಂಟ್ ಕೊಬ್ಬಿನ ಟೋನ್ಡ್ ಹಾಲಾದರೆ ಇನ್ನೊಂದು ಹತ್ತು ಗ್ರಾಂ ಕಡಿಮೆ ಬರಬಹುದು.

ತಕ್ಕಡಿ ಇಲ್ಲದಿದ್ದರೆ ಕೈಯೇ ಅಳತೆ. ಕೊಲ್ಕತ್ತದಲ್ಲಿ ನಾನು ಕೆಲಸ ಕಲಿತ ಅಂಗಡಿಯ ಹಿರಿಯ ಕಾರಿಗರ್ ಒಬ್ಬರು ಒಂದು ಚಿಟಿಕೆ ಛೇನಾವನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ನೋಡುತ್ತಿದ್ದರು. ನೀರು ಹನಿಯಬಾರದು, ಆದರೆ ಬೆರಳು ಒದ್ದೆ ಆಗಬೇಕು. ಬೆರಳು ಒಣಗಿಯೇ ಉಳಿದರೆ ಆ ಬುಟ್ಟಿ ನೇರವಾಗಿ ಸಂದೇಶ ಎಂಬ ಛೇನಾ ಸಿಹಿ ಮಾಡುವವರ ಕಡೆ ಹೋಗುತ್ತಿತ್ತು. ಯಾರೂ ಅದನ್ನು ದೊಡ್ಡ ತಪ್ಪು ಅಂತ ನೋಡುತ್ತಿರಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನೀರು ಕಟ್ಟುನಿಟ್ಟಾಗಿ ಉಳಿಸಿದರೂ ಛೇನಾ ರಬ್ಬರಿನಂತೆ ಆಗುವ ಇನ್ನೊಂದು ದಾರಿ ಇದೆ. ಹಾಲು ಒಡೆಸುವ ರೀತಿ. ನಮ್ಮ ಮನೆಗಳಲ್ಲಿ ಹಾಲು ಒಡೆದರೆ ಅಪಶಕುನ. ಬೇಕೆಂದೇ ಒಡೆಸುವಾಗಲೂ ಕೈಗೆ ಅದೇ ಗಾಬರಿ ಇರುತ್ತದೋ ಏನೋ, ಕೊತಕೊತ ಕುದಿಯುವ ಹಾಲಿಗೆ ನಿಂಬೆಹಣ್ಣು ಹಿಂಡಿಬಿಡುತ್ತಾರೆ. ಹಾಗೆ ಮಾಡಿದರೆ ಹಾಲು ಒಮ್ಮೆಲೇ ಒಡೆದು ಕಾಳುಕಾಳಾದ, ಬಿಗಿಯಾದ ಛೇನಾ ಬರುತ್ತದೆ. ಆ ಕಾಳನ್ನು ಎಷ್ಟು ನಾದಿದರೂ ನುಣುಪಾಗದು. ನಾನು ಮಾಡುವುದು ಹೀಗೆ. ಹಾಲು ಕುದಿ ಬಂದ ಮೇಲೆ ಇಳಿಸಿ, ನಾಲ್ಕೈದು ನಿಮಿಷ ಕೈಯಾಡಿಸುತ್ತಾ 80 ಡಿಗ್ರಿ ಹತ್ತಿರಕ್ಕೆ ತರುತ್ತೇನೆ. ಲೀಟರಿಗೆ ಎರಡು ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ಸುಮಾರು ಅರ್ಧ ಟೀ ಚಮಚ ನಿಂಬೆ ಉಪ್ಪನ್ನು ಒಂದು ಲೋಟ ನೀರಿನಲ್ಲಿ ಕರಗಿಸಿಕೊಂಡು, ಸ್ವಲ್ಪ ಸ್ವಲ್ಪವೇ ಹಾಕುತ್ತೇನೆ. ನಿಂಬೆರಸವಾದರೆ ಎರಡು ದೊಡ್ಡ ಚಮಚಕ್ಕೆ ಅಷ್ಟೇ ನೀರು. ಬಿಳಿ ನೀರು ತಿಳಿಯಾಗಿ ಹಸಿರು ಛಾಯೆಗೆ ತಿರುಗಿತೋ, ಅಲ್ಲಿಗೆ ನಿಲ್ಲಿಸಿ. ಲೋಟದಲ್ಲಿ ಹುಳಿನೀರು ಉಳಿದಿದ್ದರೆ ಉಳಿಯಲಿ, ಖಾಲಿ ಮಾಡಲೇಬೇಕು ಅಂತೇನಿಲ್ಲ. ಹುಳಿ ಜಾಸ್ತಿಯಾದಷ್ಟೂ ಛೇನಾ ಬಿಗಿಯುತ್ತದೆ. ಬಂಗಾಳದ ಅಂಗಡಿಗಳಲ್ಲಿ ನಿಂಬೆಯನ್ನೇ ಮುಟ್ಟದವರು ಬೇಕಾದಷ್ಟು ಜನ. ನಿನ್ನೆಯ ಛೇನಾದಿಂದ ಬಸಿದ ನೀರನ್ನು ಹುಳಿಯಾಗಲು ಬಿಟ್ಟು, ಅದರಲ್ಲೇ ಇಂದಿನ ಹಾಲು ಒಡೆಸುತ್ತಾರೆ. ಅದರ ಹುಳಿ ಮೆದು, ಬರುವ ಛೇನಾವೂ ಮೆದು.

ಸೋಸಿದ ಕೂಡಲೇ ಛೇನಾದ ಮೇಲೆ ಎರಡು ಚೊಂಬು ತಣ್ಣೀರು ಹುಯ್ಯಬೇಕು. ನಿಂಬೆ ವಾಸನೆ ಹೋಗುವುದು ಒಂದು ಲಾಭ. ಬಿಸಿಯಲ್ಲಿ ಛೇನಾ ಇನ್ನೂ ಬಿಗಿಯುತ್ತಾ ಹೋಗುವುದು ನಿಲ್ಲುತ್ತದೆ, ಅದು ದೊಡ್ಡ ಲಾಭ.

ಹಾಲು ಯಾವುದು ಅಂತ ಕೇಳುವವರಿಗೆ ನನ್ನ ಉತ್ತರ ಚಿಕ್ಕದು. ಹಸುವಿನ ಹಾಲು. ಎಮ್ಮೆ ಹಾಲಿನಲ್ಲಿ ಕ್ಯಾಲ್ಸಿಯಂ ಜಾಸ್ತಿ, ಛೇನಾ ಗಟ್ಟಿಯಾಗಿ ಜಗಿಯುವಂತಾಗುತ್ತದೆ. ಪ್ಯಾಕೆಟ್ ಮೇಲೆ ಹೋಮೋಜಿನೈಸ್ಡ್ ಎಂದಿದ್ದರೆ ಛೇನಾ ತೀರಾ ಪುಡಿಪುಡಿಯಾಗಿ ಸರಿಯಾಗಿ ಹಿಡಿದುಕೊಳ್ಳದೆ ಇರಬಹುದು. ಹೊರಗೆ ತಿಂಗಳುಗಟ್ಟಲೆ ಕೆಡದೆ ಇರುವ ಡಬ್ಬದ ಹಾಲಂತೂ ಬೇಡವೇ ಬೇಡ.

ಈಗ ನಾದುವುದು. ಇಲ್ಲಿ ಚಪಾತಿ ಹಿಟ್ಟಿನ ಅಭ್ಯಾಸ ಮರೆಯಬೇಕು. ಮಡಚಿ, ಗುದ್ದಿ, ಉಂಡೆ ಮಾಡುವುದಲ್ಲ. ಅಗಲ ತಟ್ಟೆಯಲ್ಲಿ ಛೇನಾವನ್ನು ಅಂಗೈಯ ಬುಡದಿಂದ ಮುಂದಕ್ಕೆ ತೀಡಬೇಕು, ತೆಳ್ಳಗೆ ಸವರಿದ ಹಾಗೆ. ಮತ್ತೆ ಒಟ್ಟು ಮಾಡಬೇಕು, ಮತ್ತೆ ತೀಡಬೇಕು. ಮೊದಲ ಎರಡು ನಿಮಿಷ ರವೆಯಂತೆ ಕೈಗೆ ತರಿತರಿ ಸಿಗುತ್ತದೆ. ಐದನೇ ನಿಮಿಷದ ಹೊತ್ತಿಗೆ ಬೆಣ್ಣೆಯಂತೆ ಜಾರತೊಡಗುತ್ತದೆ. ಅಂಗೈ ತಿರುಗಿಸಿ ಬೆಳಕಿಗೆ ಹಿಡಿದಾಗ ಸಣ್ಣಗೆ ಜಿಡ್ಡಿನ ಹೊಳಪು ಕಂಡರೆ ಮುಗಿಯಿತು, ಕೈ ತೆಗೆಯಿರಿ. ಇನ್ನೂ ನಾದಿದರೆ ತುಪ್ಪ ಬಿಡಲು ಶುರುವಾಗುತ್ತದೆ. ಜಿಡ್ಡು ಬೇರೆಯಾದ ಛೇನಾ ಒಂದಕ್ಕೊಂದು ಅಂಟದು, ಪಾಕದಲ್ಲಿ ಉಂಡೆ ಚಪ್ಪಟೆಯಾಗುತ್ತದೆ ಇಲ್ಲವೇ ಒಡೆದು ಹರಡುತ್ತದೆ. ಕಡಿಮೆ ನಾದಿದರೆ ತರಿ ಹಾಗೇ ಉಳಿದು, ಉಂಡೆಯ ಮೇಲೆ ಬಿರುಕು ಬಿಡುತ್ತದೆ. ಆವಿ ಆ ಬಿರುಕಿನಿಂದಲೇ ಸೋರಿಹೋಗುತ್ತದೆ. ಮತ್ತೆ ಗಟ್ಟಿ.

180 ಗ್ರಾಂ ಛೇನಾಕ್ಕೆ ಒಂದು ಟೀ ಚಮಚ ಚಿರೋಟಿ ರವೆ ಅಥವಾ ಮೈದಾ ಸಾಕು, ಅದೂ ಛೇನಾ ಕೊಂಚ ಒದ್ದೆ ಅನಿಸಿದರೆ. ಎರಡು, ಮೂರು ಚಮಚ ಹಾಕಿದರೆ ಉಂಡೆ ಒಡೆಯುವುದಿಲ್ಲ, ನಿಜ. ತಿನ್ನುವಾಗ ಹಿಟ್ಟು ತಿಂದ ಹಾಗಿರುತ್ತದೆ. ಅಷ್ಟು ಛೇನಾದಲ್ಲಿ ಹದಿನೈದು, ಹದಿನಾರು ಉಂಡೆ ಮಾಡಿ, ದೊಡ್ಡ ನಿಂಬೆಕಾಯಿ ಗಾತ್ರ ಬೇಡ. ಬೆಂದ ಮೇಲೆ ಅವು ಎರಡರಷ್ಟಾಗುತ್ತವೆ.

ಪಾಕ ಅನ್ನುವುದಕ್ಕಿಂತ ಸಕ್ಕರೆ ನೀರು ಅನ್ನಬೇಕು. ಜಾಮೂನಿನ ಎಳೆ ಪಾಕ ಇಲ್ಲಿ ಬೇಡ. ಗಟ್ಟಿ ಪಾಕ ಉಂಡೆಯೊಳಗಿನ ನೀರನ್ನು ಹೊರಗೆಳೆದು ಅದನ್ನು ಕುಗ್ಗಿಸುತ್ತದೆ. ಮನೆಯಲ್ಲಾದರೆ 400 ಗ್ರಾಂ ಸಕ್ಕರೆಗೆ ಒಂದೂಕಾಲು ಲೀಟರ್ ನೀರು, ಅಗಲ ಪಾತ್ರೆ, ಜೋರು ಉರಿ, ಮೇಲೆ ಮುಚ್ಚಳ. ಅಂಗಡಿಗಳಲ್ಲಿ ಇದಕ್ಕಿಂತ ಗಟ್ಟಿ ಪಾಕದಲ್ಲೇ ಬೇಯಿಸುತ್ತಾರೆ, ಆದರೆ ಅಲ್ಲಿ ಉರಿಯೂ ಹಾಗೇ ಇರುತ್ತದೆ. ಉಂಡೆಗಳು ನೊರೆಯ ನಡುವೆ ಹೊರಳುತ್ತಾ ಬೇಯುತ್ತವೆ. ನೊರೆ ಬರಲೆಂದು ಹಿಂದೆ ಅಂಟುವಾಳ ಕಾಯಿಯ ನೀರನ್ನೂ ಹಾಕುತ್ತಿದ್ದರು. ಪಾಕ ಮಂದವಾಗದಂತೆ ಆಗಾಗ ನೀರು ಚಿಮುಕಿಸುವುದು ಒಬ್ಬನ ಕೆಲಸ. ನೀವೂ ನಡುವೆ ಒಂದು ಸೌಟು ನೀರು ಹಾಕಬಹುದು, ಅದು ಕುದಿಯುವ ನೀರೇ ಆಗಿರಬೇಕು. ತಣ್ಣೀರು ಬಿದ್ದು ಕುದಿ ನಿಂತರೆ ಅರಳಿದ ಉಂಡೆ ಕುಸಿಯುತ್ತದೆ. ಒಟ್ಟು ಹನ್ನೆರಡರಿಂದ ಹದಿನೈದು ನಿಮಿಷ. ಬೆಂದಿತೇ ಅಂತ ನೋಡಲು ಒಂದನ್ನು ಲೋಟದ ನೀರಿಗೆ ಹಾಕಿ, ಮುಳುಗಿದರೆ ಬೆಂದಿದೆ. ಆಮೇಲೆ ಪಾಕದಲ್ಲೇ ಆರಲು ಬಿಡಿ. ಒಳಗಿನ ಆವಿ ತಣ್ಣಗಾಗಿ ಖಾಲಿಯಾದ ಜಾಗಕ್ಕೆ ಪಾಕ ನುಗ್ಗಬೇಕಲ್ಲ, ಅದಕ್ಕೆ ನಾಲ್ಕೈದು ಗಂಟೆ ಬೇಕು.

1868ರ ಸುಮಾರಿಗೆ ಕೊಲ್ಕತ್ತದ ಬಾಗ್‌ಬಜಾರಿನ ನೊಬಿನ್ ಚಂದ್ರ ದಾಸ್ ಈಗಿನ ಸ್ಪಂಜಿನಂಥ ರಸಗುಲ್ಲಾ ಮಾಡಿದರು ಎಂದು ಬಂಗಾಳದವರು ಹೇಳುತ್ತಾರೆ. ನಮ್ಮದು ಅದಕ್ಕಿಂತ ಹಳೆಯದು ಎಂದು ಒಡಿಶಾದವರು. 2017ರಲ್ಲಿ ಬಂಗಾಳಕ್ಕೆ, 2019ರಲ್ಲಿ ಒಡಿಶಾಕ್ಕೆ, ಇದು ಈ ನಾಡಿನದು ಎಂದು ಹೇಳುವ ಜಿಐ ಗುರುತು ಸಿಕ್ಕಿತು. ಜಗಳದ ಕಡೆ ನಾನು ಹೋಗುವುದಿಲ್ಲ. ಎರಡೂ ಕಡೆ ಛೇನಾ ಹಿಂಡುವ ಕೈ ಮಾತ್ರ ಹಗುರ.

ಇನ್ನು ಕಲ್ಲಿನ ಕೆಳಗಿನ ಆ 130 ಗ್ರಾಂ ಛೇನಾ. ನಾದುವಾಗ ಎರಡು ಚಮಚ ನೀರು ಚಿಮುಕಿಸಿದರೆ ಅದು ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಅಲ್ಲ. ಹೊರಗಿನಿಂದ ಹಾಕಿದ ನೀರು ಮೊದಲಿನಿಂದ ಒಳಗಿದ್ದ ನೀರಿನಷ್ಟು ಗಟ್ಟಿಯಾಗಿ ಕೂರುವುದಿಲ್ಲ. ನಾವು ಆ ಗೋಜಿಗೆ ಹೋಗದೆ ಸಂದೇಶ ಮಾಡಿದೆವು. ಸಂದೇಶ ಅರಳಬೇಕಾಗಿಲ್ಲ, ಹಾಗಾಗಿ ಒಣ ಛೇನಾ ಅದಕ್ಕೆ ಅನುಕೂಲವೇ. ನುಣ್ಣಗೆ ನಾದಿ, 40 ಗ್ರಾಂ ಪುಡಿ ಸಕ್ಕರೆ ಬೆರೆಸಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಇಟ್ಟೆವು. ಮೊದಲು ಸಕ್ಕರೆ ನೀರಾಗಿ ಎಲ್ಲ ಸಡಿಲವಾಗುತ್ತದೆ, ಹೆದರಬೇಡಿ. ಆರೇಳು ನಿಮಿಷಕ್ಕೆ ಬಾಣಲೆ ಬಿಟ್ಟು ಒಂದೇ ಮುದ್ದೆಯಾಗಿ ಸುತ್ತತೊಡಗಿದಾಗ ಇಳಿಸಬೇಕು. ಬಂಗಾಳಿಯಲ್ಲಿ ಇದಕ್ಕೆ ನೊರಮ್ ಪಾಕ್ ಅನ್ನುತ್ತಾರೆ, ಮೆದು ಪಾಕ. ಇನ್ನೂ ಕಾಯಿಸಿ ಗಟ್ಟಿ ಮಾಡಿದರೆ ಕಡಾ ಪಾಕ್, ಅದು ಹೆಚ್ಚು ದಿನ ಇರುತ್ತದೆ. ಚಳಿಗಾಲದಲ್ಲಿ ಅಲ್ಲಿ ಸಕ್ಕರೆ ಬದಲು ನೊಲೆನ್ ಗುಡ್ ಹಾಕುತ್ತಾರೆ. ಅದು ಈಚಲು ಮರದ ರಸ ಕಾಯಿಸಿ ಮಾಡುವ ಬೆಲ್ಲ. ನಮ್ಮಲ್ಲಿ ಈಚಲು ಅಂದರೆ ಮೊದಲು ನೆನಪಾಗುವುದು ಹೆಂಡ!

ಬಾಣಲೆ ಇಳಿಸಿದ ಮೇಲೆ ಅವರೇ ತಟ್ಟೆಗೆ ಹರಡಿ, ಏಲಕ್ಕಿ ಉದುರಿಸಿ, ಬೆಚ್ಚಗಿರುವಾಗಲೇ ಚಕ್ಕುಲಿ ಬಿಲ್ಲೆಯ ಹಿಂಬದಿಯಿಂದ ಒತ್ತಿ ಅಚ್ಚು ಮೂಡಿಸಿದರು. ಹೊರಡುವಾಗ ಡಬ್ಬಿಯಲ್ಲಿ ಸಂದೇಶ, ಜೊತೆಗೆ ಬಾಟಲಿಯಲ್ಲಿ ಛೇನಾ ಬಸಿದ ನೀರು ತಗೊಂಡು ಹೋದರು. ಅದು ಹುಳಿಯಾದ ಮೇಲೆ, ಮುಂದಿನ ಲೀಟರ್ ಹಾಲು ಒಡೆಸಲು.