ಕಳೆದುಹೋದ ಮೋಡ, ಉಬ್ಬಿದ ಪೊಟ್ಟಣ

ಜುಲೈ ಬಂತೆಂದರೆ ಬಸವನಗುಡಿಯ ನಮ್ಮ ತಾರಸಿಯ ಮೇಲೆ ಮೋಡಗಳು ಪಡುವಣದಿಂದ ಓಡಿಬರುತ್ತವೆ. ನಾಲ್ಕು ಹನಿ ಉದುರಿಸಿ ಮುಂದಕ್ಕೆ ಹೋಗುತ್ತವೆ. ಅವೆಲ್ಲ ಅಜ್ಜಿಯ ಊರಿನಿಂದ ಬಂದವೆಂದೇ ಮಗಳು ನಂಬಿದ್ದಳು. ಕಳೆದ ವರ್ಷ ಪುನರ್ವಸು ಮಳೆಯ ಹೊತ್ತಿಗೆ ಮಲ್ಪೆಗೆ ಹೋದಾಗ, ಕಡಲ ಮೇಲಿನ ಒಂದು ಮೋಡವನ್ನು ಗುರುತು ಹಿಡಿದು, ಅದರ ಬೆನ್ನಿಗೇ ಘಟ್ಟ ಹತ್ತೋಣವೆಂದು ಅಜ್ಜಿಯನ್ನು ಒಪ್ಪಿಸಿದಳು. ಕಾರು ಓಡಿಸುವ ಕೆಲಸ ನನ್ನದು.

ಹೆಬ್ರಿ ತಲುಪುವ ಮೊದಲೇ ಆ ಮೋಡ ಕಾಣೆಯಾಯಿತು. ಮಗಳಿಗೆ ಅಳುವೇ ಬಂತು. ಆದರೆ ಸಣ್ಣ ಮೋಡಗಳು ಹತ್ತಿಪ್ಪತ್ತು ನಿಮಿಷಗಳಲ್ಲಿ ಕರಗಿಬಿಡುವುದು ಮಾಮೂಲು. ಕಡಲಿನಿಂದ ಘಟ್ಟದವರೆಗೆ ಬರುವುದು ಕಣ್ಣಿಗೆ ಕಾಣದ ನೀರಾವಿಯನ್ನು ಹೊತ್ತ ಗಾಳಿ. ಮೋಡ ದಾರಿಯುದ್ದಕ್ಕೂ ಹುಟ್ಟುತ್ತ, ಅಳಿಯುತ್ತ ಇರುತ್ತದೆ.

ಸೋಮೇಶ್ವರ ದಾಟಿದ ಮೇಲೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳು. ಅರ್ಧ ಏರಿದ್ದೆವೋ ಇಲ್ಲವೋ, ಎದುರಿನ ರಸ್ತೆ ಬಿಳಿಯಾಗಿ ಅಳಿಸಿಹೋಯಿತು. "ಮಂಜು" ಎಂದಳು ಮಗಳು. "ಮಂಜಲ್ಲ ಮಗಾ, ನಿನ್ನ ಮೋಡದ ಹೊಟ್ಟೆಯೊಳಗೇ ಇದ್ದೇವೆ" ಎಂದರು ಅಜ್ಜಿ.

ಅಲ್ಲಿಯೇ ಏಕೆ? ಉತ್ತರ ಮಗಳ ಮಡಿಲಲ್ಲಿತ್ತು. ಉಡುಪಿಯಲ್ಲಿ ಕೊಂಡ ಬಾಳೆಕಾಯಿ ಚಿಪ್ಸ್ ಪೊಟ್ಟಣ ಸಣ್ಣ ದಿಂಬಿನಂತೆ ಉಬ್ಬಿತ್ತು. ಮೇಲೇರಿದಂತೆ ಹೊರಗಿನ ಒತ್ತಡ ಕಡಿಮೆಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಕಡಲಿನಿಂದ ಬಂದು ಬೆಟ್ಟಕ್ಕೆ ತಡೆದು ಮೇಲೇರುವ ಗಾಳಿಯೂ ಹೀಗೆಯೇ ಹಿಗ್ಗುತ್ತದೆ. ಹಿಗ್ಗಲು ತನ್ನದೇ ಶಾಖವನ್ನು ಖರ್ಚು ಮಾಡುವುದರಿಂದ ಪ್ರತಿ 100 ಮೀಟರಿಗೆ ಸುಮಾರು ಒಂದು ಡಿಗ್ರಿ ತಣಿಯುತ್ತದೆ. ಮಲ್ಪೆಯ ಗಾಳಿ 28 ಡಿಗ್ರಿ ಇದ್ದು, ಅದರ ನೀರಾವಿ 25 ಡಿಗ್ರಿಯಲ್ಲಿ ಹನಿಗಟ್ಟುವಂತಿದ್ದರೆ ಅಂತರ ಮೂರು ಡಿಗ್ರಿ. ಗಾಳಿ ಏರಿದಂತೆ ಹನಿಗಟ್ಟುವ ಉಷ್ಣತೆಯೂ ತುಸು ಇಳಿಯುವುದರಿಂದ, ಈ ಅಂತರದ ಒಂದೊಂದು ಡಿಗ್ರಿಗೆ 100ರ ಬದಲು 125 ಮೀಟರಿನಂತೆ ಲೆಕ್ಕ ಹಾಕಿದರೆ ಮೋಡದ ತಳ ಸಿಗುತ್ತದೆ: ಸುಮಾರು 375 ಮೀಟರ್. ಆಗುಂಬೆಯ ಎತ್ತರ 650 ಮೀಟರಿನ ಆಸುಪಾಸು. ಅಂದರೆ ಊರು ಮೋಡದ ತಳಕ್ಕಿಂತ ಮೇಲಿದೆ. ಕರಾವಳಿಯಲ್ಲಿ ಮಳೆಯೇ ಇಲ್ಲವೆಂದಲ್ಲ. ಘಟ್ಟದ ಅಡ್ಡಿಗೆ ಗಾಳಿ ಮುಂಚಿತವಾಗಿಯೇ ಮೇಲೇಳತೊಡಗುವುದರಿಂದ ಅಲ್ಲಿಯೂ ಸುರಿಯುತ್ತದೆ. ಆದರೆ ಆಗುಂಬೆಯದು ಬೇರೆಯೇ ಕಥೆ, ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು.

ತೀರ್ಥಹಳ್ಳಿ, ಶಿವಮೊಗ್ಗ ದಾಟುತ್ತಿದ್ದಂತೆ ಮಳೆ ತೆಳುವಾಯಿತು. ಕಡೂರಿನ ಹೊತ್ತಿಗೆ ಒಣ ರಸ್ತೆ, ಎಳೆ ಬಿಸಿಲು. ಮನೆ ಸೇರಿ ನೋಡಿದರೆ ಪೊಟ್ಟಣ ಆಗುಂಬೆಯಲ್ಲಿದ್ದುದಕ್ಕಿಂತ ಇನ್ನಷ್ಟು ಬಿಗಿದಿತ್ತು. ಬೆಂಗಳೂರು 900 ಮೀಟರಿಗೂ ಮೇಲೆ. "ಹಾಗಾದರೆ ಇಲ್ಲೇಕೆ ಅಷ್ಟು ಮಳೆ ಇಲ್ಲ?" ಎಂದು ಮಗಳು ಕೇಳಿದಳು. ನನ್ನ ಲೆಕ್ಕಕ್ಕೆ ಸರಿಯಾಗಿಯೇ ಪೆಟ್ಟು ಕೊಟ್ಟಳು.

ಎತ್ತರವೊಂದೇ ಸಾಲದು, ಗಾಳಿಯನ್ನು ಮೇಲಕ್ಕೆ ತಳ್ಳುವ ಗೋಡೆ ಬೇಕು. ಘಟ್ಟದ ನೆತ್ತಿಯಲ್ಲಿ ಬಹುಪಾಲು ನೀರನ್ನು ಇಳಿಸಿದ ಗಾಳಿ ಆಚೆ ಬದಿಗೆ ಜಾರುವಾಗ ಕುಗ್ಗಿ ಬಿಸಿಯಾಗುತ್ತದೆ, ಹನಿಗಳು ಮತ್ತೆ ಆವಿಯಾಗುತ್ತವೆ. ಬೆಂಗಳೂರಿನ ಒಳ್ಳೆಯ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನ ಗುಡುಗು ಮೋಡಗಳಿಂದ. ಅವುಗಳಲ್ಲಿ ಹಲವು ಇಲ್ಲಿನ ನೆಲದ ಕಾವಿಗೇ ಎದ್ದವು.

ಅಷ್ಟರಲ್ಲಿ ಅಜ್ಜಿ ಪೊಟ್ಟಣವನ್ನು ಟಪ್ ಎಂದು ಒಡೆದರು. ಮಲ್ಪೆಯಿಂದ ಮೋಡ ಬರಲಿಲ್ಲ, ಉಡುಪಿಯ ಒಂದು ಹಿಡಿ ಗಾಳಿ ಮಾತ್ರ ಬಸವನಗುಡಿ ತಲುಪಿತು.