ಹೊಳೆಗೆ ಇಳಿಯುವವನನ್ನು ತಡೆಯದೆ ನಿಂತರೆ ಅದು ಕೊಲೆಯೇ?

ನಾಪೋಕ್ಲು ಕಡೆಯ ಓದುಗರೊಬ್ಬರ ಪ್ರಶ್ನೆ: "ಮಳೆಗಾಲದಲ್ಲಿ ಭಾಗಮಂಡಲದ ರಸ್ತೆ ಮೇಲೆ ಹೊಳೆ ನೀರು ಬಂದಿದೆ ಅಂದುಕೊಳ್ಳಿ. ದಾರಿ ಗೊತ್ತಿಲ್ಲದ ಪ್ರವಾಸಿ ಬೈಕ್ ಇಳಿಸುತ್ತಾನೆ. ಪಕ್ಕದಲ್ಲಿ ನಿಂತವನಿಗೆ ಅಪಾಯ ಗೊತ್ತು, ಆದರೂ ಬಾಯಿ ಬಿಡಲಿಲ್ಲ. ಪ್ರವಾಸಿ ಕೊಚ್ಚಿಹೋದರೆ ನಿಂತವನ ಮೇಲೆ ಕೊಲೆ ಕೇಸ್ ಆಗಲ್ವಾ?"

ಆಗುವುದಿಲ್ಲ. ಓದಿ ಸಿಟ್ಟು ಬರುವುದು ಸಹಜ, ನನಗೂ ಬರುತ್ತದೆ. ಆದರೆ ಕಾರಣ ಇದೆ.

ಹೆಚ್ಚುಕಡಿಮೆ ಇದೇ ಉದಾಹರಣೆಯನ್ನು ನಮ್ಮ ದಂಡಸಂಹಿತೆಯ ಕರಡು ಬರೆದ ಮೆಕಾಲೆ 1837ರಲ್ಲೇ ಕೊಟ್ಟಿದ್ದ. ಹೊಳೆ ಉಕ್ಕಿದೆ, ದಾಟಿದರೆ ಸಾವು ಖಚಿತ, ಗೊತ್ತಿದ್ದವನು ಬೇಕೆಂದೇ ಹೇಳುವುದಿಲ್ಲ. ಜನರನ್ನು ಎಚ್ಚರಿಸಲೆಂದೇ ಸರ್ಕಾರ ಅಲ್ಲಿ ನಿಲ್ಲಿಸಿದ ಕಾವಲುಗಾರ ಅವನಾಗಿದ್ದರೆ ಅದು ಕೊಲೆ. ದಾರಿ ತೋರಿಸುತ್ತೇನೆ ಅಂತ ಒಪ್ಪಿಕೊಂಡ ಗೈಡ್ ಆಗಿದ್ದರೂ ಕೊಲೆ. ಮನುಷ್ಯತ್ವ ಬಿಟ್ಟರೆ ಬೇರೇನೂ ಸಂಬಂಧ ಇಲ್ಲದವನಾಗಿದ್ದರೆ ಕೊಲೆಯಲ್ಲ. ಮೂವರ ಮೌನವೂ ಒಂದೇ, ಮನಸ್ಸೂ ಒಂದೇ ಇರಬಹುದು, ಆದರೆ ಸತ್ತವನು ಮೊದಲ ಇಬ್ಬರನ್ನು ನಂಬಿ ಹೆಜ್ಜೆ ಇಟ್ಟಿದ್ದ, ಹಾಗೆ ನಂಬುವ ಹಕ್ಕೂ ಅವನಿಗಿತ್ತು.

ಈಗಿನ ಭಾರತೀಯ ನ್ಯಾಯ ಸಂಹಿತೆಯೂ ಇದೇ ಜಾಡಿನಲ್ಲಿದೆ. ಮಾಡಬೇಕಾದ್ದನ್ನು ಮಾಡದೆ ಬಿಡುವುದೂ ಅಪರಾಧ ಆಗಬಹುದು, ಆದರೆ ಅದನ್ನು ಮಾಡುವ ಹೊಣೆಯನ್ನು ಕಾನೂನು ನಿಮ್ಮ ಮೇಲೆ ಮೊದಲೇ ಹೊರಿಸಿರಬೇಕು. ಮಗುವಿನ ಅಪ್ಪ-ಅಮ್ಮನಿಗೆ ಆ ಹೊಣೆ ಇದೆ, ಅಪಘಾತದಲ್ಲಿ ಸಿಕ್ಕಿಕೊಂಡ ವಾಹನದ ಚಾಲಕನಿಗೂ ಇದೆ. ಹಣ ಪಡೆದು ಕರೆದುಕೊಂಡು ಹೋದ ಗೈಡ್ ಬರೀ ಅಸಡ್ಡೆಯಿಂದ ಎಚ್ಚರಿಸದೆ ಹೋದರೆ ಕೊಲೆಯಲ್ಲ, ನಿರ್ಲಕ್ಷ್ಯದಿಂದಾದ ಸಾವು, ಅದಕ್ಕೆ 5 ವರ್ಷದವರೆಗೆ ಜೈಲು.

ಇಲ್ಲೊಂದು ಸೂಕ್ಷ್ಮ ಇದೆ, ಇದು ತುಂಬಾ ಜನಕ್ಕೆ ಗೊತ್ತಿರಲ್ಲ. ಆ ಪ್ರವಾಸಿ ಬೈಕ್ ನಿಲ್ಲಿಸಿ "ಅಣ್ಣಾ, ಹೋಗಬಹುದಾ?" ಅಂತ ಕೇಳಿದ, ಇವನು ಗೊತ್ತಿದ್ದೂ "ಮೊಣಕಾಲುದ್ದ ಅಷ್ಟೇ, ಹೋಗಿ" ಅಂದ. ಆಗ ಇವನು ನೋಡುತ್ತಾ ನಿಂತವನಲ್ಲ, ಸಾವಿಗೆ ಕಾರಣನಾದವನು. ರಸ್ತೆಗೆ ಅಡ್ಡ ಇಟ್ಟಿದ್ದ ಬ್ಯಾರಿಕೇಡ್ ಸರಿಸಿ ಹೋದವನೂ ಹಾಗೇ. ಹೊಣೆ ಇಲ್ಲದವನ ವಿಷಯದಲ್ಲಿ ಈ ವ್ಯತ್ಯಾಸವನ್ನು ಹೀಗೆ ಕೇಳಿ ನೋಡಬಹುದು: ಅವನು ಅಲ್ಲಿ ಇಲ್ಲದೇ ಹೋಗಿದ್ದರೆ ಏನಾಗುತ್ತಿತ್ತು? ಸುಮ್ಮನಿದ್ದವನು ಇಲ್ಲದಿದ್ದರೂ ಬೈಕ್ ನೀರಿಗೆ ಇಳಿಯುತ್ತಿತ್ತು. ಸುಳ್ಳು ಹೇಳಿದವನು ಇಲ್ಲದಿದ್ದರೆ ಅದು ಬಹುಶಃ ವಾಪಸ್ ತಿರುಗುತ್ತಿತ್ತು.

ಹಾಗಂತ ಸುಮ್ಮನಿದ್ದವನನ್ನು ಪೂರ್ತಿ ಬಿಟ್ಟುಬಿಡಬೇಕಾ? ಜರ್ಮನಿಯಲ್ಲಿ ಬಿಡುವುದಿಲ್ಲ. ತನಗೆ ದೊಡ್ಡ ಅಪಾಯವಿಲ್ಲದೆ ಸಹಾಯ ಮಾಡಬಹುದಿದ್ದರೂ ಮಾಡದವನಿಗೆ ಅಲ್ಲಿ 1 ವರ್ಷದವರೆಗೆ ಜೈಲು ಅಥವಾ ದಂಡ. ಶಿಕ್ಷೆ ಆಗುವುದು ಸಹಾಯ ಮಾಡದ್ದಕ್ಕೆ ಮಾತ್ರ, ಸಾವಿಗಲ್ಲ, ಗಮನಿಸಿ. ಹೊಳೆಗೆ ಹಾರಿ ಅಂತ ಯಾರನ್ನೂ ಒತ್ತಾಯಿಸಬಾರದು, ಆದರೆ ಒಂದು ಕೂಗು ಹಾಕುವುದಕ್ಕೆ, 112ಕ್ಕೆ ಒಂದು ಫೋನ್ ಮಾಡುವುದಕ್ಕೆ ಇಂಥ ಸಣ್ಣ ಕಾನೂನು ನಮ್ಮಲ್ಲೂ ಬೇಕು ಅಂತ ನನ್ನ ಅಭಿಪ್ರಾಯ.